ಅಪ್‌ಡೇಟ್: ಗ್ರೌಂಡೆಡ್ ಥಿಯರಿಯನ್ನೇ ಆರಿಸಿದೆ

ನಾನು ಕೇಳಿದ್ದು: "ಕಾಸರಗೋಡಿನ ಎಣ್ಮಕಜೆ ಕಡೆ, ಹಾಸಿಗೆ ಹಿಡಿದ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳುವ ಅಮ್ಮಂದಿರ ಬಗ್ಗೆ ನರ್ಸಿಂಗ್ ಥೀಸಿಸ್. ಸಂಶೋಧನಾ ವಿಧಾನ ಫಿನಾಮಿನಾಲಜಿಯೋ, ಗ್ರೌಂಡೆಡ್ ಥಿಯರಿಯೋ?"

ದಾರಿ ತೋರಿಸಿದ್ದು ಮೊದಲ ಸಂದರ್ಶನ. ಅನುಭವ ಹೇಗಿತ್ತು ಅಂತ ಕೇಳಿದರೂ ಆ ಅಮ್ಮ ಹೇಳಿದ್ದೆಲ್ಲ ಹಂತಗಳನ್ನೇ. ಫಿಟ್ಸ್ ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸುತ್ತಾರೆ, ಗಡಿಯಾರ ನೋಡುತ್ತಾರೆ, ಬೇಗ ನಿಲ್ಲದಿದ್ದರೆ ಜೀಪು ಕರೆಸಿ ಮಂಗಳೂರಿಗೆ ಹೊರಡುತ್ತಾರೆ. ಹೀಗೆ ತೀರ್ಮಾನ ಮಾಡೋದನ್ನು ಕಲಿತದ್ದು ಹೇಗೆ ಅನ್ನೋದೇ ನನಗೆ ಬೇಕಾದದ್ದು, ಅದು ಗ್ರೌಂಡೆಡ್ ಥಿಯರಿಯ ಪ್ರಶ್ನೆ. ಆ ಗಳಿಗೆಯನ್ನು ಅವರು ಹೇಗೆ ಬದುಕುತ್ತಾರೆ ಅನ್ನೋದು ಫಿನಾಮಿನಾಲಜಿಯ ಪ್ರಶ್ನೆ. ಅದೂ ಮುಖ್ಯವೇ, ಆದರೆ ಅದು ಬೇರೆ ಥೀಸಿಸ್.

ಈಗ ಒಂದು ಸಂದರ್ಶನವನ್ನು ಕೋಡ್ ಮಾಡಿ, ಅಂದರೆ ಮಾತಿನ ತುಣುಕುಗಳಿಗೆ ಅರ್ಥ ಹೇಳುವ ಹೆಸರು ಕೊಟ್ಟ ಮೇಲೇ ಮುಂದಿನವರನ್ನು ಹುಡುಕುತ್ತೇನೆ. ಮುಂದೆ, ಜೀಪು ಸುಲಭಕ್ಕೆ ಸಿಗದ ಕಡೆಯ ಅಮ್ಮ ಬೇಕು. ಎಷ್ಟು ಜನ ಅಂತ ಮೊದಲೇ ಹೇಳಲಾಗದು. ಎಥಿಕ್ಸ್ ಕಮಿಟಿಗೆ ಅಂದಾಜು ಮಿತಿ ಕೊಟ್ಟು, ಪ್ರಶ್ನೆಗಳು ಬದಲಾಗಬಹುದು ಅಂತಲೂ ಬರೆದಿದ್ದೇನೆ.