ಪದಚರ್ಚೆ: ‘ಐತಿಹಾಸಿಕ ಶೀರ್ಷಿಕೆ’, ‘ಪರಿಣಾಮಕಾರಿ ಸ್ವಾಧೀನ’ – ಇವು ಸರಿಯೇ?

ಮಣಿಪಾಲದಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ಕಾನೂನು ವಿದ್ಯಾರ್ಥಿಗಳಿಗಾಗಿ ಅಂತಾರಾಷ್ಟ್ರೀಯ ಕಾನೂನಿನ ಕೆಲವು ಪ್ರಕರಣಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸದ್ಯ ಕೈಯಲ್ಲಿರುವುದು ಸಿಂಗಾಪುರ ಜಲಸಂಧಿಯ ಪೆಡ್ರಾ ಬ್ರಾಂಕಾ ದ್ವೀಪದ ಬಗ್ಗೆ ಮಲೇಷ್ಯಾ ಮತ್ತು ಸಿಂಗಾಪುರದ ನಡುವಿನ ವ್ಯಾಜ್ಯ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2008ರಲ್ಲಿ ತೀರ್ಪು ಕೊಟ್ಟದ್ದು. ಇದರಲ್ಲಿ ಬರುವ ಜೊಹೋರ್ ಎಂದರೆ ಈಗ ಮಲೇಷ್ಯಾದ ಒಂದು ರಾಜ್ಯವಾಗಿರುವ ಹಳೆಯ ಸುಲ್ತಾನರ ನಾಡು. ಯಾರೋ ಮೊದಲು ಮಾಡಿಟ್ಟ ಕರಡಿನಲ್ಲಿ ಈ ಸಾಲಿದೆ:

“ಐತಿಹಾಸಿಕ ಶೀರ್ಷಿಕೆಯು ಜೊಹೋರ್ ಸುಲ್ತಾನರದ್ದಾಗಿದ್ದರೂ ಪರಿಣಾಮಕಾರಿ ಸ್ವಾಧೀನದ ಮೂಲಕ ದ್ವೀಪವು ಸಿಂಗಾಪುರಕ್ಕೆ ಸೇರಿತು, ಇದೇ ಯೂಟಿ ಪಾಸಿಡೇಟಿಸ್ ತತ್ವ.”

‘ಟೈಟಲ್’ ಶೀರ್ಷಿಕೆ ಆಗಿಬಿಟ್ಟದ್ದನ್ನು ನೋಡಿ ನಗು ಬಂತು, ಅದನ್ನು ತೆಗೆಯುತ್ತೇನೆ. ಆದರೆ ಅಲ್ಲಿಗೆ ‘ಹಕ್ಕು’ ಸಾಕೇ? ‘ಪರಿಣಾಮಕಾರಿ ಸ್ವಾಧೀನ’ ಎಂದರೆ ಓದುವವರಿಗೆ ಏನು ಅರ್ಥವಾದೀತು? ಲ್ಯಾಟಿನ್ ಮಾತನ್ನು ಹಾಗೇ ಬಿಡಲೇ?

ಉಡುಪಿಯಿಂದ, ನಿವೃತ್ತ ಅಧ್ಯಾಪಕರು

ಲ್ಯಾಟಿನ್ ಮಾತಿಗೆ ‘ಯಾರ ಕೈಯಲ್ಲಿದೆಯೋ ಅವರದ್ದು’ ಎನ್ನಬಹುದು. ರೋಮನ್ ಕಾನೂನಿನಲ್ಲಿ ಇಬ್ಬರು ಜಾಗಕ್ಕೆ ಜಗಳವಾಡಿದಾಗ ‘ಈಗ ನೀವು ಹೇಗೆ ಅನುಭವಿಸುತ್ತಿದ್ದೀರೋ ಹಾಗೆಯೇ ಮುಂದುವರಿಸಿ’ ಎಂದು ಅಧಿಕಾರಿ ಕೊಡುತ್ತಿದ್ದ ಆಜ್ಞೆಯ ಮೊದಲ ಮಾತು ಅದು. ಸಿಂಗಾಪುರದ ಕೈಯಲ್ಲಿತ್ತು, ಅವರಿಗೇ ಸಿಕ್ಕಿತು. ನಿಮ್ಮ ಸಾಲು ಸರಿಯಾಗಿಯೇ ಇದೆ, ಶೀರ್ಷಿಕೆಯೊಂದನ್ನು ಬದಲಿಸಿ.

ಮಂಗಳೂರಿನಿಂದ, ವಕೀಲರು

ಮೇಷ್ಟ್ರು ಹೇಳಿದ ರೋಮನ್ ಹಿನ್ನೆಲೆ ಸರಿ. ಆದರೆ ಇಂದಿನ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಆ ಮಾತಿನ ಅರ್ಥ ಹೆಚ್ಚುಕಡಿಮೆ ತಿರುಗುಮುರುಗಾಗಿದೆ. ಸ್ಪೇನಿನ ಕೈಯಿಂದ ಬಿಡುಗಡೆಯಾದ ದಕ್ಷಿಣ ಅಮೆರಿಕದ ದೇಶಗಳು, ಆಮೇಲೆ ಆಫ್ರಿಕದ ದೇಶಗಳು, ವಸಾಹತು ಆಡಳಿತ ಎಳೆದಿದ್ದ ಜಿಲ್ಲೆ-ಪ್ರಾಂತ್ಯಗಳ ಗಡಿಯನ್ನೇ ದೇಶದ ಗಡಿಯೆಂದು ಒಪ್ಪಿಕೊಂಡವು. ಸ್ವಾತಂತ್ರ್ಯದ ದಿನ ಕಾಗದದಲ್ಲಿ ಗೆರೆ ಎಲ್ಲಿತ್ತೋ ಅಲ್ಲೇ. ಆ ದಿನ ಗೆರೆಯ ಆಚೆಗೆ ಹೋಗಿ ಯಾರು ಠಾಣೆ ಹಾಕಿ ಕೂತಿದ್ದರು ಎನ್ನುವುದು ಅಲ್ಲಿ ಮುಖ್ಯವಲ್ಲ. ಕೈಯಲ್ಲಿರುವುದಕ್ಕಿಂತ ಕಾಗದದಲ್ಲಿರುವುದು ಮೇಲು. ಹಾಗಾಗಿ ನಾನಾದರೆ ‘ಇದ್ದ ಗಡಿಯೇ ಗಡಿ’ ಎನ್ನುತ್ತೇನೆ.

ಬುರ್ಕಿನಾ ಫಾಸೊ ಮತ್ತು ಮಾಲಿಯ ಗಡಿ ವ್ಯಾಜ್ಯದಲ್ಲಿ 1986ರ ತೀರ್ಪು ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ಕಾಗದದ ಹಕ್ಕೂ ನೆಲದ ಮೇಲಿನ ಆಡಳಿತವೂ ಹೊಂದಿಕೊಂಡರೆ ಆಡಳಿತ ಬರೀ ಪುರಾವೆ. ಒಂದು ದೇಶದ ಕೈಯಲ್ಲಿ ಕಾಗದ, ಇನ್ನೊಂದರ ಕೈಯಲ್ಲಿ ಆಡಳಿತ ಎಂದಾದರೆ ಕಾಗದ ಇದ್ದವರಿಗೆ ಆದ್ಯತೆ. ಕಾಗದವೇ ಇಲ್ಲದಿದ್ದರೆ, ಅಥವಾ ಗೆರೆ ಎಲ್ಲಿ ಹಾಯುತ್ತದೆ ಎಂದು ಅದು ಖಚಿತವಾಗಿ ಹೇಳದಿದ್ದರೆ, ಆಗ ಆಡಳಿತ ನಡೆಸಿದ್ದಕ್ಕೆ ನಿಜವಾದ ತೂಕ ಬರುತ್ತದೆ.

ಈಗ ಪೆಡ್ರಾ ಬ್ರಾಂಕಾ. ಅಲ್ಲಿ ಈ ತತ್ವದ ಮೇಲೆ ತೀರ್ಪು ಆಗಲೇ ಇಲ್ಲ. ಕರಡಿನ ಸಾಲಿನ ಕೊನೆಯ ತುಂಡನ್ನು ಕಿತ್ತುಹಾಕಿ.

ಮಧ್ಯದ ತುಂಡೂ ತಪ್ಪು. ‘ಎಫೆಕ್ಟಿವ್ ಆಕ್ಯುಪೇಶನ್’ ಎನ್ನುವುದು ಯಾರದೂ ಅಲ್ಲದ ನೆಲಕ್ಕೆ ಮಾತ್ರ ಸಲ್ಲುವ ಮಾತು. ಸಿಂಗಾಪುರದ ಮೊದಲ ವಾದ ಅದೇ ಆಗಿತ್ತು: ‘1847ರಲ್ಲಿ ಬಂಡೆ ಯಾರದೂ ಅಲ್ಲ, ಬ್ರಿಟಿಷರು ಅಲ್ಲಿ ಹಾರ್ಸ್‌ಬರ್ಗ್ ದೀಪಸ್ತಂಭ ಕಟ್ಟಿ ತಮ್ಮದಾಗಿಸಿಕೊಂಡರು.’ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಆ ಜಲಸಂಧಿಯ ದ್ವೀಪ, ಬಂಡೆಗಳ ಮೇಲೆ ಜೊಹೋರ್ ಸುಲ್ತಾನರ ಆಳ್ವಿಕೆ ನಡೆಯುತ್ತಿತ್ತು, ಬೇರೆ ಯಾರೂ ಅದನ್ನು ಪ್ರಶ್ನಿಸಿರಲಿಲ್ಲ ಎಂದಿತು. ಅದಕ್ಕೆ ಸಿಕ್ಕ ಒಳ್ಳೆಯ ಪುರಾವೆ ಓರಾಂಗ್ ಲಾವುಟ್ ಎಂಬ ಕಡಲ ಜನ. ಆ ನೀರಿನಲ್ಲೇ ಮೀನು ಹಿಡಿದು ಓಡಾಡಿಕೊಂಡಿದ್ದ ಅವರು ಸುಲ್ತಾನರ ಪ್ರಜೆಗಳು. ಸುಮಾರು 137 ಮೀಟರ್ ಉದ್ದದ, ಮನೆಮಠವಿಲ್ಲದ ಕಲ್ಲಿಗೆ ಪಟ್ಟೆ-ಪಹಣಿ ಎಲ್ಲಿಂದ ಬರಬೇಕು? ಅಲ್ಲಿ ಓಡಾಡುವ ಜನ ಯಾರ ಮಾತು ಕೇಳುತ್ತಿದ್ದರು ಎನ್ನುವುದೇ ಹಕ್ಕಿನ ಗುರುತು.

ಹೀಗೆ ಮೂಲ ಹಕ್ಕು ಜೊಹೋರಿನದು ಎಂದಾದ ಮೇಲೂ, 1980ರ ಹೊತ್ತಿಗೆ ಅದು ಸಿಂಗಾಪುರಕ್ಕೆ ದಾಟಿಹೋಗಿತ್ತು ಎಂದು 12ಕ್ಕೆ 4 ಮತಗಳಿಂದ ತೀರ್ಮಾನವಾಯಿತು. ಖಾಲಿ ನೆಲವನ್ನು ಹಿಡಿದದ್ದರಿಂದ ಅಲ್ಲ. ಒಬ್ಬರು ಯಜಮಾನರ ಹಾಗೆ ನಡೆದುಕೊಂಡರು, ಯಜಮಾನರಾಗಿದ್ದವರು ಬಾಯಿ ಬಿಡಲಿಲ್ಲ – ಇವೆರಡೂ ಸೇರಿದ್ದರಿಂದ.

ಕಾರ್ಕಳದಿಂದ, ಕೃಷಿಕರು

ವಕೀಲರೇ, ಹಾಗಾದರೆ ನಮ್ಮ ಕುಮ್ಕಿ ಜಾಗದ ಕತೆಯೂ ಇದೇ ಅಲ್ವಾ ಮಾರಾಯ್ರೆ? ನಮ್ಮ ಹೆಸರಿನ ವರ್ಗ ಜಾಗಕ್ಕೆ ತಾಗಿದ ಸರಕಾರಿ ಕುಮ್ಕಿಯಲ್ಲಿ ನಮ್ಮ ಅಜ್ಜನ ಕಾಲದಿಂದ ಸೊಪ್ಪು, ತರಗೆಲೆ ತರುತ್ತಿದ್ದೇವೆ, ಬೇಲಿಯೂ ಹಾಕಿದ್ದೇವೆ. ಸರಕಾರ ಇಷ್ಟು ವರ್ಷ ಸುಮ್ಮನಿತ್ತು. ಹೇಗ್‌ನಲ್ಲಿ ನಡೆಯುವುದು ತಾಲೂಕು ಕಚೇರಿಯಲ್ಲಿ ಯಾಕೆ ನಡೆಯುವುದಿಲ್ಲ?

ಮಂಗಳೂರಿನಿಂದ, ವಕೀಲರು

ನಡೆಯುವುದಿಲ್ಲ, ಯಾಕೆಂದರೆ ಕುಮ್ಕಿ ಸರಕಾರವೇ ಕೊಟ್ಟ ಸವಲತ್ತು. ಅನುಮತಿಯ ಮೇಲೆ ಅನುಭವಿಸಿದ್ದು ಎಷ್ಟು ವರ್ಷವಾದರೂ ಅನುಮತಿಯೇ. ಇನ್ನೊಬ್ಬರ ಜಾಗವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡು ಹಕ್ಕು ಪಡೆಯುವುದು ಪ್ರತಿಕೂಲ ಸ್ವಾಧೀನ; ಸರಕಾರದ ಎದುರು ಅದನ್ನು ಹೇಳಬೇಕಾದರೆ 30 ವರ್ಷ ಬೇಕು, ಅದೂ ‘ಇದು ನನ್ನದೇ’ ಎಂದು ಬಹಿರಂಗವಾಗಿ ಎದುರು ನಿಂತ ಸ್ವಾಧೀನ. ನಿಮ್ಮ ಬೇಲಿಯ ವಿಷಯ ದಾಖಲೆ ನೋಡದೆ ಇಲ್ಲಿ ಹೇಳುವಂಥದ್ದಲ್ಲ. ದೇಶಗಳ ನಡುವೆ ಇಂಥ ವರ್ಷಗಳ ಲೆಕ್ಕವೇ ಇಲ್ಲ, ಅದನ್ನೂ ನೆನಪಿಡಿ.

ಆದರೆ ನಿಮ್ಮ ಪ್ರಶ್ನೆ ಪ್ರಕರಣದ ಒಳಗಿನ ಒಂದು ಒಳ್ಳೆಯ ಸಂಗತಿಗೆ ತಾಗುತ್ತದೆ. ಸಿಂಗಾಪುರ ನೋಡಿಕೊಳ್ಳುತ್ತಿದ್ದ ಇನ್ನೊಂದು ದೀಪಸ್ತಂಭ ಪುಲಾವ್ ಪಿಸಾಂಗ್ ಎಂಬ ದ್ವೀಪದಲ್ಲಿದೆ. ಆ ನೆಲ ಜೊಹೋರಿನದೇ, ದೀಪಕ್ಕಷ್ಟೇ ಜಾಗ ಬಿಟ್ಟುಕೊಟ್ಟದ್ದು. 1968ರಲ್ಲಿ ಅಲ್ಲಿ ಸಿಂಗಾಪುರದ ಬಾವುಟ ಹಾರುವುದನ್ನು ಕಂಡು ಮಲೇಷ್ಯಾ ತಕರಾರು ಎತ್ತಿತು, ಸಿಂಗಾಪುರ ಬಾವುಟ ಇಳಿಸಿತು. ಪೆಡ್ರಾ ಬ್ರಾಂಕಾದಲ್ಲಿಯೂ ಅದೇ ಬಾವುಟ ಹಾರುತ್ತಿತ್ತು, ಅಲ್ಲಿ ಮಲೇಷ್ಯಾ ಏನೂ ಕೇಳಲಿಲ್ಲ. ಒಂದು ಕಡೆ ಆಕ್ಷೇಪಿಸಲು ಗೊತ್ತಿದ್ದವರು ಇನ್ನೊಂದು ಕಡೆ ಸುಮ್ಮನಿದ್ದರೆ ಆ ಮೌನಕ್ಕೆ ಅರ್ಥ ಬರುತ್ತದೆ.

ದೀಪ ಉರಿಸಿದ್ದೇ ಆಳ್ವಿಕೆಯಲ್ಲ ಎಂಬ ಮಾತನ್ನೂ ಅನುವಾದದಲ್ಲಿ ಬಿಡಬೇಡಿ. ಹಡಗುಗಳ ಅನುಕೂಲಕ್ಕೆ ಯಾರೂ ಯಾರ ನೆಲದಲ್ಲೂ ದೀಪ ನೋಡಿಕೊಳ್ಳಬಹುದು. ಲೆಕ್ಕಕ್ಕೆ ಬಂದದ್ದು ಬೇರೆ ಕೆಲಸಗಳು: ಸುತ್ತಲ ನೀರಿನಲ್ಲಿ ಹಡಗು ಅಪಘಾತವಾದಾಗ ತನಿಖೆ ನಡೆಸಿದ್ದು, ಸಮೀಕ್ಷೆಗೆ ಬರುವ ಮಲೇಷ್ಯಾದ ಅಧಿಕಾರಿಗಳಿಗೂ ಅನುಮತಿ ಬೇಕೆಂದದ್ದು, 1977ರಲ್ಲಿ ಅಲ್ಲಿ ಸೇನೆಯ ಸಂಪರ್ಕ ಉಪಕರಣ ಕೂರಿಸಿದ್ದು. ಇದರ ಮೇಲೆ, 1962ರಿಂದ 1975ರ ನಡುವೆ ಮಲೇಷ್ಯಾವೇ ಅಚ್ಚುಹಾಕಿದ ನಕಾಶೆಗಳಲ್ಲಿ ದೀಪಸ್ತಂಭದ ಹೆಸರಿನ ಕೆಳಗೆ ‘ಸಿಂಗಾಪುರ’ ಎಂದಿತ್ತು. ಎದುರಾಳಿಯ ಕೈಬರಹಕ್ಕಿಂತ ದೊಡ್ಡ ಸಾಕ್ಷಿ ಯಾವುದು?

ಹಾಗಾಗಿ ಸಾಮಾನ್ಯವಾಗಿ ‘ಆಳ್ವಿಕೆ ನಡೆಸಿದ ಸ್ವಾಧೀನ’ ಎನ್ನಿ. ‘ಪರಿಣಾಮಕಾರಿ’ ಎಂದರೆ ಔಷಧಿಯ ಜಾಹೀರಾತಿನ ಹಾಗೆ ಕೇಳುತ್ತದೆ. ಟೈಟಲ್‌ಗೆ ‘ಹಕ್ಕು’ ಸಾಕು, ಗೊಂದಲವಾಗುವಲ್ಲಿ ‘ಮೂಲ ಹಕ್ಕು’. ಕೋರ್ಟಿನಲ್ಲಿ ನಾವೆಲ್ಲ ‘ಟೈಟಲ್’ ಎಂದೇ ಹೇಳುವುದು, ಅದನ್ನೇ ಇಟ್ಟರೂ ಯಾರೂ ಬೈಯಲಾರರು.

ಮಣಿಪಾಲದಿಂದ, ಅನುವಾದಕಿ

ತುಂಬಾ ಉಪಕಾರವಾಯಿತು. ಇನ್ನೊಂದೇ ಗಂಟು ಉಳಿದಿದೆ, ಅದು ಪದದ್ದೇ. 1953ರ ಜೂನ್‌ನಲ್ಲಿ ಸಿಂಗಾಪುರದ ವಸಾಹತು ಕಾರ್ಯದರ್ಶಿ, ತಮ್ಮ ಕಡಲ ಗಡಿ ಗುರುತಿಸುವ ಸಲುವಾಗಿ, ಈ ಬಂಡೆಯ ಸ್ಥಿತಿಗತಿ ಏನೆಂದು ಜೊಹೋರ್‌ಗೆ ಬರೆದು ಕೇಳುತ್ತಾರೆ. ಸೆಪ್ಟೆಂಬರ್ 21ರಂದು ಜೊಹೋರಿನ ಪ್ರಭಾರ ರಾಜ್ಯ ಕಾರ್ಯದರ್ಶಿಯ ಉತ್ತರ: ಜೊಹೋರ್ ಸರಕಾರ ಪೆಡ್ರಾ ಬ್ರಾಂಕಾದ ‘ಓನರ್‌ಶಿಪ್’ ಕೇಳುವುದಿಲ್ಲ. ಇದನ್ನು ‘ಒಡೆತನ’ ಎನ್ನಲೇ, ‘ಸಾರ್ವಭೌಮತ್ವ’ ಎನ್ನಲೇ? ತೀರ್ಪು ಕೊನೆಗೆ ಸಾರ್ವಭೌಮತ್ವ ಎಂದೇ ಓದಿಕೊಂಡಿದೆಯಲ್ಲ.

ಉಡುಪಿಯಿಂದ, ನಿವೃತ್ತ ಅಧ್ಯಾಪಕರು

ನ್ಯಾಯಾಲಯವೇ ಅರ್ಥ ಬಿಡಿಸಿದ ಮೇಲೆ ಓದುವವರನ್ನು ಯಾಕೆ ಸತಾಯಿಸುವುದು? ‘ಸಾರ್ವಭೌಮತ್ವ’ ಎಂದು ಹಾಕಿ ಮುಗಿಸಿ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವೆ, ಇಲ್ಲಿ ಬರೆದೇ ಕೊಟ್ಟಿದ್ದಾರೆ!

ಮಂಗಳೂರಿನಿಂದ, ವಕೀಲರು

ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಜಗಳ ನಡೆದದ್ದೇ ಆ ಪದದ ಮೇಲೆ. ಒಡೆತನವೆಂದರೆ ಜಾಗದ ಖಾಸಗಿ ಹಕ್ಕು ಮಾತ್ರ, ಆಳುವ ಹಕ್ಕು ಬೇರೆ ಎಂದು ಮಲೇಷ್ಯಾ ವಾದಿಸಿತು. ಆ ಕಾರ್ಯದರ್ಶಿಗೆ ಅಂಥ ಪತ್ರ ಬರೆಯುವ ಅಧಿಕಾರವೇ ಇರಲಿಲ್ಲ ಎಂದೂ ಹೇಳಿತು. ಕೇಳಿದ ಪ್ರಶ್ನೆ ಕಡಲ ಗಡಿಯದ್ದು, ಅಂದರೆ ಆಳ್ವಿಕೆಯದ್ದು, ಆದ್ದರಿಂದ ಉತ್ತರವೂ ಅದರದ್ದೇ ಎಂದು ನ್ಯಾಯಾಲಯ ಓದಿತು. ನೀವು ಪತ್ರದಲ್ಲೇ ‘ಸಾರ್ವಭೌಮತ್ವ’ ಎಂದು ಬರೆದುಬಿಟ್ಟರೆ ಮಲೇಷ್ಯಾದ ವಾದ ಕನ್ನಡದಲ್ಲಿ ಹುಚ್ಚುಮಾತಿನ ಹಾಗೆ ಕಾಣುತ್ತದೆ. ಪತ್ರದಲ್ಲಿ ‘ಒಡೆತನ’, ತೀರ್ಪಿನಲ್ಲಿ ‘ಸಾರ್ವಭೌಮತ್ವ’ – ಎರಡೂ ಇರಲಿ. ನಾಲ್ಕು ಮಂದಿ ನ್ಯಾಯಾಧೀಶರು ಬಹುಮತವನ್ನು ಒಪ್ಪಲಿಲ್ಲ. ಒಂದು ಪತ್ರ, ಒಂದಷ್ಟು ಮೌನದಿಂದ ಒಂದು ರಾಜ್ಯದ ನೆಲ ಕೈ ಬದಲಾಯಿಸಬಹುದೇ ಎಂಬ ಚರ್ಚೆ ಇನ್ನೂ ಇದೆ, ಓದುವವರಿಗೂ ಅದು ಸಿಗಲಿ.

ಮೇಷ್ಟ್ರೇ, ಮೌನ ಎಲ್ಲ ಕಡೆ ಸಮ್ಮತಿಯಲ್ಲ. ಉತ್ತರ ಕೊಡಬೇಕಾದಂಥ ಕೆಲಸ ಎದುರಿನವರು ಮಾಡಿದಾಗ ಸುಮ್ಮನಿದ್ದರೆ ಮಾತ್ರ. ಪೆಡ್ರಾ ಬ್ರಾಂಕಾದಿಂದ ಬರೀ 0.6 ನಾಟಿಕಲ್ ಮೈಲು ದಕ್ಷಿಣಕ್ಕಿರುವ ಮಿಡ್ಲ್ ರಾಕ್ಸ್ ನೋಡಿ. ಜೊಹೋರಿನ ಹಳೆಯ ಹಕ್ಕು ಅದರ ಮೇಲೂ ಇತ್ತು. ಅಲ್ಲಿ ಸಿಂಗಾಪುರದ ದೀಪವಿಲ್ಲ, ಬಾವುಟವಿಲ್ಲ, ಪತ್ರದಲ್ಲಿ ಅದರ ಮಾತಿಲ್ಲ. ಆಕ್ಷೇಪಿಸಲು ಏನೂ ಇರಲಿಲ್ಲ, ಹಾಗಾಗಿ ಮಲೇಷ್ಯಾದ ಹಕ್ಕು ಕಳೆದುಹೋಗಲಿಲ್ಲ, 15ಕ್ಕೆ 1 ಮತದಿಂದ ಅವರಿಗೇ ಸಿಕ್ಕಿತು.

ಉಡುಪಿಯಿಂದ, ನಿವೃತ್ತ ಅಧ್ಯಾಪಕರು

‘ಇದ್ದ ಗಡಿಯೇ ಗಡಿ’ ಒಪ್ಪಿದೆ. ‘ಆಳ್ವಿಕೆ ನಡೆಸಿದ ಸ್ವಾಧೀನ’ ಉದ್ದವಾಯಿತು, ಪರೀಕ್ಷೆಯಲ್ಲಿ ಬರೆಯುವ ಮಕ್ಕಳಿಗೆ ಕಷ್ಟ. ಅದಕ್ಕೆ ನನ್ನ ಮತ ‘ಅನುಭೋಗ’ಕ್ಕೆ.

ಮಣಿಪಾಲದಿಂದ, ಅನುವಾದಕಿ

‘ಅನುಭೋಗ’ ಎಂದರೆ ಕುಮ್ಕಿಯೇ ನೆನಪಾಗುತ್ತದೆ ಸರ್, ಬೇಡ. ಸಾಲನ್ನು ಸದ್ಯ ಹೀಗೆ ತಿದ್ದಿದ್ದೇನೆ: “ದ್ವೀಪದ ಮೂಲ ಹಕ್ಕು ಜೊಹೋರಿನದಾಗಿತ್ತು. ಸಿಂಗಾಪುರ ಅಲ್ಲಿ ಆಳುವವರಂತೆ ನಡೆದುಕೊಂಡಾಗ ಜೊಹೋರ್, ಆಮೇಲೆ ಮಲೇಷ್ಯಾ, ಆಕ್ಷೇಪಿಸದೆ ಇದ್ದುದರಿಂದ 1980ರ ಹೊತ್ತಿಗೆ ಹಕ್ಕು ಸಿಂಗಾಪುರಕ್ಕೆ ದಾಟಿತ್ತು.”

ಮೂರನೆಯ ಬಂಡೆ ಸೌತ್ ಲೆಜ್ ನೀರು ಇಳಿದಾಗ ಮಾತ್ರ ತಲೆ ಎತ್ತುತ್ತದೆ. ಯಾವ ದೇಶದ ಕಡಲ ವ್ಯಾಪ್ತಿಯಲ್ಲಿ ಬರುತ್ತದೋ ಅದರದ್ದು ಎಂದಷ್ಟೇ ತೀರ್ಪಿನಲ್ಲಿದೆ, ಆ ವ್ಯಾಪ್ತಿಯ ಗೆರೆಯನ್ನು ನ್ಯಾಯಾಲಯ ಎಳೆದಿಲ್ಲ. ಪಠ್ಯದ ಕೋಷ್ಟಕದಲ್ಲಿ ‘ಯಾರಿಗೆ’ ಎಂಬ ಅಂಕಣವೊಂದಿದೆ, ಅಲ್ಲಿ ಏನು ಬರೆಯಲಿ?