ದೀಪಾವಳಿ ಸರಕು: ಹೋದ ವರ್ಷದ ಬಿಲ್ ಪುಸ್ತಕ ಎಷ್ಟು ನಂಬಬಹುದು?

ಕೇಳಿದವರು, ರಾಣೆಬೆನ್ನೂರು: ನಮ್ಮದು ಸೀರೆ, ಮಕ್ಕಳ ಬಟ್ಟೆ ಅಂಗಡಿ. 2025ರ ಹಬ್ಬದ ಬಿಲ್‌ಗಳೆಲ್ಲ ಇವೆ. 2026ರ ದೀಪಾವಳಿಗೆ ಸೂರತ್, ತಿರುಪ್ಪೂರಿಗೆ ಎಷ್ಟು, ಯಾವಾಗ ಆರ್ಡರ್ ಕೊಡಬೇಕು? ಅನುಭವ ಇದ್ದವರು ಹೇಳಿ.

ದಾವಣಗೆರೆ, ಜವಳಿ: ತಾರೀಖು ಹಿಡಿದು ಹೋಲಿಸಬೇಡಿ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೆ. ಈ ಸಲ ಅಧಿಕ ಜ್ಯೇಷ್ಠ ಬಂದಿದ್ದರಿಂದ ನವೆಂಬರ್ 8ಕ್ಕೆ. ಹಬ್ಬದಿಂದ ಹಿಂದಕ್ಕೆ ದಿನ ಎಣಿಸಿ.

ಇನ್ನೊಂದು, ಬಿಲ್ ಪುಸ್ತಕದಲ್ಲಿ ಮಾರಿದ್ದು ಮಾತ್ರ ಇರುತ್ತದೆ. ಇಲ್ಲ ಅಂತ ವಾಪಸ್ ಹೋದ ಗಿರಾಕಿ ಇರುವುದಿಲ್ಲ. ನಮ್ಮಲ್ಲಿ 24ರ ಸೈಜಿನ ಫ್ರಾಕು 50 ಹೋಗಿ, ಹಬ್ಬಕ್ಕೆ ಐದು ದಿನ ಇರುವಾಗಲೇ ಖಾಲಿಯಾಯಿತು. 28ರ ಸೈಜು ಕೊನೆವರೆಗೂ ಇತ್ತು. ಅದರಲ್ಲಿ ಮಾರಿದ 80ರಲ್ಲಿ 40 ಆ ಕೊನೆಯ ಐದು ದಿನದ್ದೇ. ಅಂದರೆ 24ರದ್ದಕ್ಕೆ 100ರ ಬೇಡಿಕೆ ಇತ್ತು. ಪ್ರತಿ ಸೈಜಿನ ಕೊನೆಯ ಬಿಲ್ ಯಾವತ್ತಿನದು ಅಂತ ನೋಡಿ, ಗೊತ್ತಾಗುತ್ತದೆ.

ಹುಬ್ಬಳ್ಳಿ, ಸೀರೆ: ನೂರು ತಂದು ನಲವತ್ತು ಉಳಿದರೆ ನೀವು ಬಂದು ಕೊಳ್ಳುತ್ತೀರಾ? ನನ್ನ ಕಥೆ ಕೇಳಿ. ಸೂರತ್‌ನ ವ್ಯಾಪಾರಿ ಹತ್ತು ದಿನ ಅಂದ. ಅದು ಅವನ ಗೋದಾಮಿನಿಂದ ಮಾಲು ಹೊರಡುವ ಲೆಕ್ಕ! ಆಮೇಲೆ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ ಬೇಲ್ ಕೊಳೆಯಿತು. ಕೈಗೆ ಬಂದಿದ್ದು ಬಲಿಪಾಡ್ಯಮಿಯ ಮಾರನೇ ದಿನ. 1,80,000 ರೂಪಾಯಿ ಮಾಲು. ವಾಪಸ್ ತಗೊಳ್ಳಲಿಲ್ಲ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದರೆ 3,600. ಯುಗಾದಿಗೆ ಮೂವತ್ತು ಪರ್ಸೆಂಟ್ ಬಿಟ್ಟು ಮಾರಿದೆ. ಟ್ರಾನ್ಸ್‌ಪೋರ್ಟ್‌ನವರು ಕೊಟ್ಟ ಹಳೆಯ ಎಲ್‌ಆರ್ ರಸೀದಿ ತೆಗೆದು, ಆರ್ಡರ್ ಕೊಟ್ಟ ದಿನದಿಂದ ಬೇಲ್ ಬಿಚ್ಚಿದ ದಿನದವರೆಗೆ ಎಣಿಸಿ. ಅದೇ ನಿಜವಾದ ಗಡುವು.

ಬೆಳಗಾವಿ, ಸ್ವೀಟ್ಸ್: ನಮ್ಮಲ್ಲಿ ಖೋವಾ ಮೊದಲೇ ತಂದಿಡಲು ಆಗುವುದಿಲ್ಲ, ಹುಳಿಯಾಗುತ್ತದೆ. ತಡ ಆಗುವುದು ಪ್ರಿಂಟ್ ಮಾಡಿಸಿದ ಡಬ್ಬಿ. ಹಬ್ಬದ ಸಮಯದಲ್ಲಿ ಪ್ರೆಸ್‌ನವರು ಫೋನೇ ಎತ್ತುವುದಿಲ್ಲ. ನಾನು ಹೆಸರು ಮಾತ್ರ ಹಾಕಿಸಿ ಗಣೇಶ ಹಬ್ಬಕ್ಕೇ ಡಬ್ಬಿ ತರಿಸುತ್ತೇನೆ, ಉಳಿದರೂ ನಡೆಯುತ್ತದೆ.

ಹುಬ್ಬಳ್ಳಿ, ಸೀರೆ: ಅವರು ಕೇಳಿದ್ದು ಬಟ್ಟೆ ವಿಷಯ ಸರ್.

ಬೆಳಗಾವಿ, ಸ್ವೀಟ್ಸ್: ಗಡುವು ಎಲ್ಲರಿಗೂ ಒಂದೇ ಅಲ್ವಾ? ಸುಮ್ನೆ ಯಾಕೆ ಸಿಡುಕುತ್ತೀರಿ?

ದಾವಣಗೆರೆ, ಜವಳಿ: ಹುಬ್ಬಳ್ಳಿಯವರೇ, ನಿಮ್ಮ ನಷ್ಟ ತಡದ್ದು, ಸಂಖ್ಯೆಯದ್ದಲ್ಲ. ನಾನು ನೂರನ್ನೂ ಒಟ್ಟಿಗೆ ತರಿಸಿ ಅನ್ನಲಿಲ್ಲ. 75 ತಿರುಪ್ಪೂರಿನಿಂದ ಮೊದಲೇ ಬರಲಿ. ಹಬ್ಬಕ್ಕೆ ಎರಡು ವಾರ ಇರುವಾಗ ಓಟ ನೋಡಿ, ಉಳಿದದ್ದು ಬೆಂಗಳೂರಿನ ಚಿಕ್ಕಪೇಟೆಯಿಂದ ತನ್ನಿ. ರೇಟು ಜಾಸ್ತಿ, ಆದರೆ ಮಾಲು ಬೇಗ ಕೈಗೆ ಬರುತ್ತದೆ. ಈ ಸಲ ಹಬ್ಬ ಸಂಬಳ ಆದಮೇಲೆ ಬರುತ್ತದೆ, ವ್ಯಾಪಾರ ಮೊದಲ ವಾರಕ್ಕೇ ನುಗ್ಗುತ್ತದೆ.

ಹುಬ್ಬಳ್ಳಿ, ಸೀರೆ: ರಾಣೆಬೆನ್ನೂರಿನಲ್ಲಿ ಸಂಬಳದವರು ಎಷ್ಟು ಜನ? ಅಲ್ಲಿ ದುಡ್ಡು ಓಡಾಡುವುದು ಮೆಕ್ಕೆಜೋಳ ಮಾರಿದ ಮೇಲೆ. ಕಟಾವಿಗೆ ಮಳೆ ಬಿದ್ದರೆ ನಿಮ್ಮ 75 ಕೂಡ ಜಾಸ್ತಿ.

ದಾವಣಗೆರೆ, ಜವಳಿ: ಮಳೆಗೆ ಹೆದರಿ ಖಾಲಿ ಕಪಾಟು ಇಟ್ಟುಕೊಳ್ಳಬೇಕಾ? ಗಿರಾಕಿ ಒಂದು ಸಲ ಬೇರೆ ಅಂಗಡಿ ಮೆಟ್ಟಿಲು ಹತ್ತಿದರೆ ಯುಗಾದಿಗೂ ಅಲ್ಲಿಗೇ ಹೋಗುತ್ತಾರೆ.