ಏರುಪೇರಿನ ಆದಾಯ, ಶೇ. 10 ಟಿಡಿಎಸ್: ಕಡಿಮೆ ದರದ ಸರ್ಟಿಫಿಕೇಟ್ ಕೇಳೋದು ಹೇಗೆ?

ಕೇಳಿದವರು: ನಾನು ಸ್ಟ್ರಕ್ಚರಲ್ ಎಂಜಿನಿಯರಿಂಗ್ ಕನ್ಸಲ್ಟೆಂಟ್. ಕಳೆದ ನಾಲ್ಕು ವರ್ಷದ ಬಿಲ್ಲಿಂಗ್ 18, 46, 22, 35 ಲಕ್ಷ. ಈ ವರ್ಷ (2025-26) ಸುಮಾರು 30 ಲಕ್ಷ ಆಗಬಹುದು. ಜೂನ್ ಕೊನೆಯವರೆಗೆ 6 ಲಕ್ಷ ಬಂದಿದೆ, 60 ಸಾವಿರ ಟಿಡಿಎಸ್ ಹೋಗಿದೆ. ಪ್ರತಿ ವರ್ಷ ರೀಫಂಡ್‌ಗೆ ಕಾಯುತ್ತಾ ಕೂರೋದು, ಅಷ್ಟರಲ್ಲಿ ಡ್ರಾಫ್ಟ್ಸ್‌ಮನ್‌ಗಳ ಸಂಬಳಕ್ಕೆ ಬ್ಯಾಂಕ್ ಓವರ್‌ಡ್ರಾಫ್ಟ್‌ನಿಂದ ತೆಗೆಯೋದು. ಕಡಿಮೆ ದರದ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿದರೆ ಕೊಡ್ತಾರಾ? ಆದಾಯವನ್ನೇ ಊಹಿಸಲಾಗದವನು ಅಂದಾಜು ಹೇಗೆ ಕೊಡಲಿ? ಡಿಸೆಂಬರ್‌ನಲ್ಲಿ ದೊಡ್ಡ ಕೆಲಸ ಬಂದುಬಿಟ್ಟರೆ ದಂಡ ಬೀಳುತ್ತಾ?

ಒಬ್ಬ ಸದಸ್ಯರು: ಇಷ್ಟಕ್ಕೆಲ್ಲಾ ಆಫೀಸರ್ ಯಾಕೆ ಸರ್? ತೆರಿಗೆ ಕಟ್ಟುವಷ್ಟು ಆದಾಯ ಇಲ್ಲ ಅಂತ ಘೋಷಿಸುವ ಫಾರ್ಮ್ 15ಜಿ ಕೊಟ್ಟುಬಿಡಿ. ನಾನು ಬ್ಯಾಂಕ್‌ನಲ್ಲಿ ಎಫ್‌ಡಿ ಬಡ್ಡಿಗೆ ಪ್ರತಿ ಏಪ್ರಿಲ್ ಕೊಡ್ತೀನಿ, ಒಂದು ರೂಪಾಯಿ ಕಟ್ ಆಗಲ್ಲ.

ಲೆಕ್ಕಪರಿಶೋಧಕಿ: ಎಫ್‌ಡಿ ಬಡ್ಡಿಗೆ 15ಜಿ ನಡೆಯುತ್ತೆ, ವೃತ್ತಿ ಶುಲ್ಕಕ್ಕೆ ನಡೆಯಲ್ಲ. ಇವರಿಗೆ ಹಣ ಬರೋದು ವೃತ್ತಿ ಶುಲ್ಕದ ಟಿಡಿಎಸ್ ಸೆಕ್ಷನ್ 194ಜೆ ಅಡಿಯಲ್ಲಿ. 2025-26ಕ್ಕೆ ಅದಕ್ಕಿರುವ ದಾರಿ ಸೆಕ್ಷನ್ 197, ಅಂದರೆ ಫಾರ್ಮ್ 13.

ಮೊದಲು ನಿಮ್ಮ ಲೆಕ್ಕ ನೋಡೋಣ. ನೀವು ಬಿಲ್ಲಿಂಗ್‌ನ ಅರ್ಧವನ್ನು ಆದಾಯ ಅಂತ ತೋರಿಸುವ 44ಎಡಿಎ ಅಡಿ ರಿಟರ್ನ್ ಹಾಕ್ತೀರಿ, ಹೊಸ ತೆರಿಗೆ ಪದ್ಧತಿಯಲ್ಲಿದ್ದೀರಿ, ಬೇರೆ ಆದಾಯ ಇಲ್ಲ ಅಂದುಕೊಂಡು ಹೇಳ್ತಿದ್ದೀನಿ. 30 ಲಕ್ಷದ ಅರ್ಧ, 15 ಲಕ್ಷ, ನಿಮ್ಮ ಆದಾಯ. ಅದಕ್ಕೆ ಸೆಸ್ ಸೇರಿ ತೆರಿಗೆ 1,09,200. ಶೇ. 10ರಂತೆ ಕಡಿತವಾಗೋದು 3 ಲಕ್ಷ. ಅಂದರೆ ನಿಮ್ಮ 1,90,800 ರೂಪಾಯಿ ಸುಮ್ಮನೆ ಸಿಕ್ಕಿಹಾಕಿಕೊಳ್ಳುತ್ತೆ. ಈಗಾಗಲೇ 60 ಸಾವಿರ ಹೋಗಿರೋದರಿಂದ ಉಳಿದ ತೆರಿಗೆ 49,200, ಇನ್ನು ಬರಬೇಕಾದದ್ದು 24 ಲಕ್ಷ. ಭಾಗಿಸಿದರೆ ಶೇ. 2.05. ಇದೇ ನೀವು ಕೇಳಬೇಕಾದ ದರ. ಆಫೀಸರ್ ಸ್ವಲ್ಪ ಮೇಲಿಟ್ಟು ಶೇ. 3 ಕೊಟ್ಟರೂ ಬೇಜಾರು ಮಾಡಿಕೊಳ್ಳಬೇಡಿ.

ಅರ್ಜಿ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ತಾಣವಾದ ಟ್ರೇಸಸ್ ಪೋರ್ಟಲ್‌ನಲ್ಲೇ. ನಾಲ್ಕು ವರ್ಷದ ರಿಟರ್ನ್ ವಿವರ, ಈ ವರ್ಷದ ಅಂದಾಜು ಲೆಕ್ಕ, ಪ್ರತಿ ಗ್ರಾಹಕರ ಟಿಡಿಎಸ್ ಖಾತೆ ಸಂಖ್ಯೆಯಾದ ಟ್ಯಾನ್ ಮತ್ತು ಅವರಿಂದ ಬರಬಹುದಾದ ಮೊತ್ತ ಕೊಡಬೇಕು. ನಿಯಮ 28ಎಎ ಪ್ರಕಾರ ಆಫೀಸರ್ ಈ ವರ್ಷದ ಅಂದಾಜಿನ ಜೊತೆ ಹಿಂದಿನ ನಾಲ್ಕು ವರ್ಷವನ್ನೂ ನೋಡ್ತಾರೆ. ನಿಮ್ಮ 46 ಲಕ್ಷದ ವರ್ಷ ಅವರ ಕಣ್ಣಿಗೆ ಬಿದ್ದೇ ಬೀಳುತ್ತೆ. ಆದ್ದರಿಂದ "ಸುಮಾರು 30 ಲಕ್ಷ" ಅಂತ ಒಂದೇ ಸಾಲು ಬರೀಬೇಡಿ. ಸಹಿಯಾದ ವರ್ಕ್ ಆರ್ಡರ್‌ಗಳನ್ನು ಲಗತ್ತಿಸಿ, ಯಾವ ಹಂತ ಮುಗಿದಾಗ ಯಾರಿಗೆ ಎಷ್ಟು ಬಿಲ್ ಅನ್ನೋದನ್ನು ತಿಂಗಳುವಾರು ಹಾಕಿ. 46 ಲಕ್ಷದ ವರ್ಷ ಒಂದೇ ದೊಡ್ಡ ಯೋಜನೆಯಿಂದ ಬಂದದ್ದಾದರೆ ಅದು ಮುಗಿದ ದಾಖಲೆಯನ್ನೂ ಇಡಿ. ಏರುಪೇರಿಗೆ ಕಾರಣ ಕಾಗದದ ಮೇಲೆ ಕಂಡರೆ ಆಫೀಸರ್‌ಗೂ ನಂಬೋಕೆ ಸುಲಭ.

ಇನ್ನೊಬ್ಬ ಸದಸ್ಯರು: ನಾನೂ ಎರಡು ವರ್ಷದ ಹಿಂದೆ ತಗೊಂಡಿದ್ದೆ. ಸರ್ಟಿಫಿಕೇಟ್ ಬಂದರೆ ಇಡೀ ವರ್ಷಕ್ಕೆ ಅನ್ವಯ. ಏಪ್ರಿಲ್‌ನಿಂದ ಕಟ್ ಆಗಿರೋ 60 ಸಾವಿರವನ್ನೂ ಕಂಪನಿಯವರು ವಾಪಸ್ ಕೊಡ್ತಾರೆ.

ಲೆಕ್ಕಪರಿಶೋಧಕಿ: ಅರ್ಧ ಸರಿ. ಮಾರ್ಚ್ 31ರವರೆಗೆ ನಡೆಯುತ್ತೆ ನಿಜ, ಆದರೆ ಕೊಟ್ಟ ದಿನಾಂಕದಿಂದ ಮುಂದಕ್ಕೆ ಮಾತ್ರ. ಹಿಂದೆ ಕಡಿತವಾದದ್ದು ರಿಟರ್ನ್ ಹಾಕಿದಾಗಲೇ ಲೆಕ್ಕಕ್ಕೆ ಬರೋದು. ಆಮೇಲೆ, ಟಿಡಿಎಸ್ ಕಡಿತ ಆಗೋದು ಹಣ ಕೊಟ್ಟಾಗ ಅಥವಾ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮಾ ಮಾಡಿದಾಗ, ಯಾವುದು ಮೊದಲೋ ಆಗ. ಸರ್ಟಿಫಿಕೇಟ್ ಬರೋಕೆ ಹಿಂದಿನ ದಿನ ನಿಮ್ಮ ಬಿಲ್ ಪುಸ್ತಕಕ್ಕೆ ಏರಿಸಿದ್ದರೆ, ಹಣ ಎರಡು ತಿಂಗಳ ನಂತರ ಬಂದರೂ ಅದಕ್ಕೆ ಶೇ. 10ರ ಕಡಿತವೇ. ದೊಡ್ಡ ಬಿಲ್ ಕಳಿಸುವ ಹಂತ ಹತ್ತಿರವಿದ್ದರೆ ಅರ್ಜಿ ತಡಮಾಡಬೇಡಿ. ನನ್ನ ಕಕ್ಷಿದಾರರಿಗೆ ಸಾಮಾನ್ಯವಾಗಿ ಒಂದು ತಿಂಗಳು ಹಿಡಿದಿದೆ, ನಡುವೆ ಆಫೀಸರ್ ಕೇಳುವ ಸ್ಪಷ್ಟನೆಗೆ ಉತ್ತರ ತಡವಾದರೆ ಇನ್ನೂ ಹೆಚ್ಚು.

ಈಗ ನಿಮ್ಮಂಥವರು ನಿಜವಾಗಿ ಎಡವುವ ಜಾಗ. ಸರ್ಟಿಫಿಕೇಟ್‌ನಲ್ಲಿ ಪ್ರತಿ ಗ್ರಾಹಕರ ಟ್ಯಾನ್ ಎದುರು ಒಂದು ಮೊತ್ತದ ಮಿತಿ ಇರುತ್ತೆ. ನೀವು ಮೂವರಿಗೆ 12, 8, 4 ಲಕ್ಷ ಅಂತ ಕೊಟ್ಟಿದ್ದೀರಿ ಅನ್ನಿ. ಮೊದಲನೆಯವರ ಸೈಟ್ ನಿಂತು 5 ಲಕ್ಷ ಮಾತ್ರ ಬಂತು, ಎರಡನೆಯವರಿಂದ 14 ಲಕ್ಷ ಬಂತು. ಮೊದಲನೆಯವರಲ್ಲಿ ಉಳಿದ 7 ಲಕ್ಷದ ಮಿತಿ ಎರಡನೆಯವರಿಗೆ ವರ್ಗ ಆಗಲ್ಲ. ಅವರ 8 ಲಕ್ಷ ದಾಟಿದ 6 ಲಕ್ಷಕ್ಕೆ ಶೇ. 10, ಅಂದರೆ 60 ಸಾವಿರ ಕಡಿತ. ಬೇಡವಾದರೆ ಮಿತಿ ಮುಗಿಯುವ ಮೊದಲೇ ಮತ್ತೆ ಅರ್ಜಿ ಹಾಕಬೇಕು. ಹಾಗಂತ ಮೂವರಿಗೂ ಮಿತಿಯನ್ನು ಉಬ್ಬಿಸಿ ಬರೆದರೆ, ಕೂಡಿದಾಗ ನಿಮ್ಮ 30 ಲಕ್ಷದ ಅಂದಾಜಿಗೇ ತಾಳೆ ಆಗಲ್ಲ, ಅರ್ಜಿ ಅಲ್ಲೇ ಕುಂಟುತ್ತೆ. ನನ್ನ ಅಭಿಪ್ರಾಯ: ಖಚಿತವಾದ ಕೆಲಸಕ್ಕೆ ಸರಿಯಾದ ಮಿತಿ ಕೇಳಿ, ಅನುಮಾನದ್ದನ್ನು ಶೇ. 10ಕ್ಕೇ ಬಿಡಿ.

ಡಿಸೆಂಬರ್ ಭಯಕ್ಕೂ ಉತ್ತರ ಆ ಮಿತಿಯಲ್ಲೇ ಇದೆ. ಹೊಸ ಗ್ರಾಹಕರಿಂದ 12 ಲಕ್ಷ ಬಂದು ಒಟ್ಟು 42 ಆಯ್ತು ಅನ್ನಿ. ಆದಾಯ 21 ಲಕ್ಷ, ತೆರಿಗೆ 2,34,000. ಕಡಿತ ಆಗಿರೋದು: ಜೂನ್‌ವರೆಗಿನ 60 ಸಾವಿರ, 24 ಲಕ್ಷಕ್ಕೆ ಶೇ. 3ರಂತೆ 72 ಸಾವಿರ, ಹೊಸ 12 ಲಕ್ಷಕ್ಕೆ ಶೇ. 10ರಂತೆ 1,20,000. ಒಟ್ಟು 2,52,000. ಕೊರತೆ ಇಲ್ಲ. ಆದರೂ ಮಾರ್ಚ್ ಮೊದಲ ವಾರ ಒಮ್ಮೆ ಲೆಕ್ಕ ಹಾಕಿ. 44ಎಡಿಎಯವರು ಕೊರತೆ ಇದ್ದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು, ಬಡ್ಡಿ ಬೀಳಲ್ಲ.

ಕಂಪನಿಯೊಂದರ ಅಕೌಂಟ್ಸ್‌ನಲ್ಲಿರುವ ಸದಸ್ಯೆ: ಕಡಿತ ಮಾಡುವ ಕಡೆಯವಳಾಗಿ ಒಂದು ಮಾತು. ದಯವಿಟ್ಟು ಸರ್ಟಿಫಿಕೇಟ್ ಪಿಡಿಎಫ್ ಅನ್ನು ನಿಮಗೆ ಪರಿಚಯ ಇರುವ ಎಂಜಿನಿಯರ್‌ಗೆ ವಾಟ್ಸಾಪ್ ಮಾಡಿ ಸುಮ್ಮನಾಗಬೇಡಿ, ಅದು ನಮ್ಮ ಟೇಬಲ್‌ಗೆ ಬರೋದೇ ಇಲ್ಲ. ಅಕೌಂಟ್ಸ್‌ಗೆ ಇಮೇಲ್ ಮಾಡಿ, ಪ್ರತಿ ಬಿಲ್ ಮೇಲೂ ಸರ್ಟಿಫಿಕೇಟ್ ನಂಬರ್ ಬರೀರಿ. ನಾವು ಅದನ್ನು ಟ್ರೇಸಸ್‌ನಲ್ಲಿ ತಾಳೆ ನೋಡಿ ನಮ್ಮ ಟಿಡಿಎಸ್ ರಿಟರ್ನ್ ಆದ 26ಕ್ಯೂನಲ್ಲಿ ನಮೂದಿಸಬೇಕು, ಬಿಟ್ಟುಹೋದರೆ ಕಡಿಮೆ ಕಡಿತ ಅಂತ ನಮಗೇ ನೋಟಿಸ್ ಬರುತ್ತೆ. ಆ ಭಯಕ್ಕೇ ಕೆಲವರು ಸರ್ಟಿಫಿಕೇಟ್ ಇದ್ದರೂ ಶೇ. 10 ಕಟ್ ಮಾಡಿಬಿಡ್ತಾರೆ.

ಕೇಳಿದವರು: ತುಂಬಾ ಉಪಕಾರ ಮೇಡಂ. ಹೌದು, 44ಎಡಿಎ ಮತ್ತು ಹೊಸ ಪದ್ಧತಿಯೇ. ಆದರೆ ಪೋರ್ಟಲ್‌ನಲ್ಲಿ ನನ್ನ ಹೆಸರಿಗೆ 2017-18ರದ್ದು 8,400 ರೂಪಾಯಿ ಬಾಕಿ ತೋರಿಸ್ತಿದೆ. ಆಗ ಒಬ್ಬ ಗ್ರಾಹಕರು ಟಿಡಿಎಸ್ ತಪ್ಪು ಪ್ಯಾನ್‌ಗೆ ಹಾಕಿದ್ದರು. ಚಿಕ್ಕದು ಅಂತ ಬಿಟ್ಟಿದ್ದೆ.

ಲೆಕ್ಕಪರಿಶೋಧಕಿ: ಅದನ್ನು ಮೊದಲು ಮುಗಿಸಿ. ಹಳೆ ಬಾಕಿಯನ್ನೂ ಆಫೀಸರ್ ಲೆಕ್ಕಕ್ಕೆ ತಗೊಳ್ಳಲೇಬೇಕು, ಇಂಥ ಚಿಕ್ಕ ಮೊತ್ತಕ್ಕೇ ಅರ್ಜಿ ವಾರಗಟ್ಟಲೆ ನಿಂತದ್ದು ನೋಡಿದ್ದೀನಿ. ಬಾಕಿಗೆ ಪೋರ್ಟಲ್‌ನಲ್ಲಿ ಅಸಮ್ಮತಿ ದಾಖಲಿಸಿ, ಅದರ ಪ್ರತಿಯನ್ನು ಫಾರ್ಮ್ 13ಕ್ಕೆ ಲಗತ್ತಿಸಿ. ಆ ಗ್ರಾಹಕರು ತಿದ್ದುಪಡಿ ಮಾಡಿಕೊಡ್ತಾರಾ?

ಕೇಳಿದವರು: ಆ ಸಂಸ್ಥೆ ಮುಚ್ಚಿಹೋಗಿದೆ ಮೇಡಂ.

ಲೆಕ್ಕಪರಿಶೋಧಕಿ: ಹಾಗಾದರೆ ಅಸಮ್ಮತಿಯನ್ನು ಆಫೀಸರ್ ಒಪ್ತಾರೋ ಇಲ್ಲವೋ ನಾನು ಮಾತು ಕೊಡಲಾರೆ. ನನ್ನನ್ನು ಕೇಳಿದರೆ, ಈಗ ಬಡ್ಡಿ ಸೇರಿಸಿ ಕಟ್ಟಿಬಿಡಿ. ನ್ಯಾಯ ನಿಮ್ಮ ಕಡೆಯೇ ಇರಬಹುದು, ಆದರೆ ಅದಕ್ಕಾಗಿ ಕಾದರೆ ಪ್ರತಿ ಬಿಲ್‌ನಿಂದಲೂ ಶೇ. 10 ಹೋಗ್ತಾನೇ ಇರುತ್ತೆ.

ಕೇಳಿದವರು: ಒಪ್ಪೋಕೆ ಕಷ್ಟ ಆಗ್ತಿದೆ, ಅದು ನಾನು ಕಟ್ಟಬೇಕಾದ ದುಡ್ಡಲ್ಲ. ಇವತ್ತು ರಾತ್ರಿ ಆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಬಿಲ್ ಹುಡುಕಿ ನೋಡ್ತೀನಿ. ಎರಡೂ ಸಿಕ್ಕರೆ ಅಸಮ್ಮತಿ ದಾಖಲಿಸ್ತೀನಿ, ಸಿಗದಿದ್ದರೆ ಕಟ್ತೀನಿ.